ಟಿ.ಸಿ. ಸುರೇಶಕುಮಾರನ ಚೀಟಿ

ಚಿತ್ತಾಪುರ ಬಸ್ ನಿಲ್ದಾಣದ ಮೈಕು ಬಂದ್ ಆಗಿದೆ ಎಂದು ಸುರೇಶಕುಮಾರ ತಿಳಿದಿದ್ದ. ಮೈಕು ಮಾತ್ರ ಹಾಗೆ ತಿಳಿದಿರಲಿಲ್ಲ.

ವಾಡಿ, ಶಹಾಬಾದ ಕಡೆಯ ಬಸ್ಸು ಹೊರಟಿತೆಂದು ಸಾರಿ, ಗುಂಡಿ ಒತ್ತಿ, ನೀರು ಕುಡಿದು, ಎದುರಿನ ಸ್ಟೂಲಿನ ಮೇಲೆ ಕುಂತಿದ್ದ ಡ್ರೈವರ್ ಗುಲಾಮ ದಸ್ತಗೀರನಿಗೆ ಅವನು ತಾನು ಬರೆದ ಚೀಟಿಯನ್ನು ಓದಿ ತೋರಿಸತೊಡಗಿದ.

"ಮಾನ್ಯ ಮುಖ್ಯಗುರುಗಳಿಗೆ. ವಿಷಯ: ನನ್ನ ಮಗಳನ್ನು ಗುರುವಾರ ಶಾಲೆಯಿಂದ ಬೇಗ ಬಿಡುವ ಕುರಿತು. ಮಾನ್ಯರೇ, ಐದನೇ ಇಯತ್ತೆಯಲ್ಲಿ ಓದುತ್ತಿರುವ ನನ್ನ ಮಗಳು ಕುಮಾರಿ ಯಶೋಧರಾ ಇವಳಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಶಹಾಬಾದಿನಲ್ಲಿ ಕಿವಿ ಡಾಕ್ಟರಿಗೆ ತೋರಿಸಬೇಕಾಗಿದ್ದು, ಮಧ್ಯಾಹ್ನ ಒಂದರ ಬಸ್ಸಿಗೆ…"

ತನ್ನ ದನಿ ಎರಡೆರಡಾಗಿ ಕೇಳುತ್ತಿದೆಯಲ್ಲ ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಹೊರಗೆ ಕಲ್ಲು ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಎದ್ದು ನಿಂತು, "ಒಂದರ ಬಸ್ ಯಾವ ಕಡಿ ಹೋಗ್ತದಂತ?" ಎಂದು ಪಕ್ಕದವನನ್ನು ಕೇಳಿದಳು.

"ಬಸ್ಸಿಂದಲ್ಲ ಆಯೀ. ಟಿ.ಸಿ. ಸಾಹೇಬ್ರ ಮಗಳಿಗಿ ಕಿವಿ ಕೇಳಸಂಗಿಲ್ಲಂತ."

"ಯಾರಿಗಿ?"

"ಟಿ.ಸಿ. ಮಗಳಿಗಿ!"

"ನನಗೂ ಕೇಳಸಂಗಿಲ್ಲ ತಗೋ. ಅದನ್ನೇನು ಮೈಕಿನಾಗ ಹೇಳಬೇಕು?"

ಸುರೇಶಕುಮಾರ ಗುಂಡಿಯನ್ನು ಮೂರು ಸಲ ಒತ್ತಿದ. ಮೂರನೆಯದಕ್ಕೆ ಮೈಕು ಕಿರ್ರೆಂದು ಸತ್ತಿತು. ಅಷ್ಟರೊಳಗೆ ವಿಷಯ ಕಾಳಗಿ ಬಸ್ಸು ಹತ್ತಿ ಹೋಗಿಯಾಗಿತ್ತು.

ಟಿ.ಸಿ. ಎಂದರೆ ಬಸ್ಸಿನವರ ಬಾಯಲ್ಲಿ ಸಂಚಾರ ನಿಯಂತ್ರಕ. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುವವನು, ಡ್ರೈವರರ ಹಾಳೆಯ ಮೇಲೆ ಸಹಿ ಹಾಕಿ 'ಬಿಡ್ರಿ' ಅನ್ನುವವನು. ತೆಂಗಳಿಯ ಸುರೇಶಕುಮಾರ ಕಂಡಕ್ಟರ್ ಆಗಿ ಸೇರಿ, ಸೇಡಂ, ಚಿಂಚೋಳಿ ರೂಟುಗಳಲ್ಲಿ ಅರ್ಧ ಆಯುಷ್ಯ ನಿಂತೇ ಕಳೆದು, ಕೊನೆಗೆ ಈ ಗಾಜಿನ ಗೂಡಿನೊಳಗೆ ಕುಂತುಕೊಳ್ಳುವ ಭಾಗ್ಯ ಪಡೆದವನು. ದಿನವಿಡೀ 'ಸುರೇಶಕುಮಾರ, ಟಿ.ಸಿ.' ಎಂದು ಸಹಿ ಹಾಕೀ ಹಾಕೀ ಅವನ ಕೈ ಅವನ ಅಪ್ಪಣೆ ಕೇಳುವುದನ್ನೇ ಬಿಟ್ಟಿತ್ತು. ಗ್ಯಾಸ್ ಸಿಲಿಂಡರಿನವನಿಗೆ ಟಿ.ಸಿ., ಕೊರಿಯರಿನವನಿಗೆ ಟಿ.ಸಿ. ಹೆಂಡತಿ ಲುಂಬಿನಿಗೆ ಹುಟ್ಟುಹಬ್ಬಕ್ಕೆ ಕೊಟ್ಟ ಕಾರ್ಡಿನ ಕೆಳಗೂ ಟಿ.ಸಿ. "ಇದೊಂದು ಕಾರ್ಡಿನ ಮ್ಯಾಲಾದ್ರೂ ಗಂಡ ಆಗ್ರಿ" ಎಂದು ಆಕೆ ಅದನ್ನು ಕನ್ನಡಿಗೆ ಸಿಕ್ಕಿಸಿದ್ದಳು.

ಮೈಕಿನಿಂದಾದ ಅವಮಾನ ಆರುವ ಮೊದಲೇ ಚಹಾದ ಬಸ್ಸಮ್ಮ ಕಿಟಕಿಯಲ್ಲಿ ತಲೆ ತೂರಿಸಿದಳು.

"ಟಿಸಿಯಣ್ಣಾ, ಖರೇನೇ ಹಂಗ ಬರದು ಕೊಡ್ತೀಯೇನು?"

"ಮತ್ತ ಹ್ಯಾಂಗ ಬರೀಬೇಕು?"

"ಹೆಣ್ಣಮಗಿ ಅದ. ಕಿವಿ ಕೇಳಸಂಗಿಲ್ಲಂತ ಅಪ್ಪನೇ ಬರದು ಸಹಿ ಹಾಕಿದ್ರ ಸಾಲಿ ದಫ್ತರದಾಗ ಹಂಗೇ ಉಳೀತದ. ನಾಳೆ ಹುಡುಗರು ಕೆಪ್ಪಿ ಕೆಪ್ಪಿ ಅಂತ ಹೆಸರಿಡ್ತಾವ. ನಂದೇನದ, ನಾ ಚಹಾ ಮಾರಾಕಿ. ನೀ ಓದಿದಾಂವ."

ಓದಿದವನು ಎಂದ ಮೇಲೆ ಓದಿದವನು ಮಾಡುವ ತಪ್ಪನ್ನೇ ಮಾಡಬೇಕಲ್ಲ. ಸುರೇಶಕುಮಾರ ಚೀಟಿಯನ್ನು ಹರಿದು, ಹೊಸದಾಗಿ, ಮಗಳ ಮಾನ ಕಾಯುವ ಹಾಗೆ, ನಯವಾಗಿ ಬರೆದ. ಕಿವಿ ಹೋಯಿತು. ಡಾಕ್ಟರು ಹೋದರು. ಶಹಾಬಾದ ಹೋಯಿತು. ಉಳಿದದ್ದು ಇಷ್ಟು:

"ನನ್ನ ಮಗಳು ಇತ್ತೀಚೆಗೆ ಸರಿಯಾಗಿ ಕೇಳುವುದಿಲ್ಲ. ಕಾರಣ ಆಕೆಯನ್ನು ತೋರಿಸಬೇಕಾದಲ್ಲಿ ತೋರಿಸುವ ಸಲುವಾಗಿ ಗುರುವಾರ ಮಧ್ಯಾಹ್ನ ಶಾಲೆ ಬಿಡಿಸಬೇಕಾಗಿದೆ. ದಯಮಾಡಿ ಅನುವು ಮಾಡಿಕೊಡಬೇಕು. ತಮ್ಮ ವಿಶ್ವಾಸಿ, ಸುರೇಶಕುಮಾರ, ಟಿ.ಸಿ."

ದಸ್ತಗೀರ ಕೇಳಿ, "ಏಕದಮ್ ಇಜ್ಜತ್‌ದ ಚೀಟಿ ಸಾಬ್" ಎಂದ. ಇಜ್ಜತ್ತು ಅಷ್ಟಿತ್ತು, ಅರ್ಥ ಮಾತ್ರ ಇರಲಿಲ್ಲ. ಮಂಗಳವಾರ ಅದು ಮಗಳ ಡೈರಿಯೊಳಗೆ ಕುಂತು ಶಾಲೆಗೆ ಹೋಯಿತು. ಬುಧವಾರ ಉತ್ತರ ಬರಲಿಲ್ಲ. ಮೌನವೆಂದರೆ ಒಪ್ಪಿಗೆ ಎಂದು ಸುರೇಶಕುಮಾರ ಅಂದುಕೊಂಡ. ಮದುವೆಯಾಗಿ ಹದಿನಾಲ್ಕು ವರ್ಷವಾದವನು ಹಾಗೆ ಅಂದುಕೊಳ್ಳಬಾರದಿತ್ತು.

ಗುರುವಾರವೇ ಯಾಕೆಂದರೆ, ಶಹಾಬಾದಿನ ಒಂದು ಸಣ್ಣ ದವಾಖಾನೆಗೆ ಹೈದರಾಬಾದಿನಿಂದ ಕಿವಿ ಡಾಕ್ಟರಮ್ಮ ಬರುವುದು ತಿಂಗಳಿಗೊಂದೇ ಗುರುವಾರ. ಜೊತೆಗೆ ಕಿವಿ ಪರೀಕ್ಷೆಯ ಮಷೀನೂ ಬರುತ್ತದೆ. ಸಂಜೆಯ ರೈಲಿಗೆ ಇಬ್ಬರೂ ವಾಪಸ್. ಈ ಸಲ ತಪ್ಪಿದರೆ ಮುಂದಿನ ತಿಂಗಳು. ಮುಂದಿನ ತಿಂಗಳೆಂದರೆ ಯಶೋಧರಾಳ ಪರೀಕ್ಷೆ. ಕೂಗಿದರೆ ತಿರುಗುವುದಿಲ್ಲ, ಟಿ.ವಿ.ಗೆ ಮೂಗು ಹಚ್ಚಿ ಕುಂದ್ರುತ್ತಾಳೆ, ಉಕ್ತಲೇಖನದಲ್ಲಿ 'ಹಾಲು' ಎಂದರೆ 'ಕಾಲು' ಬರೆಯುತ್ತಾಳೆ. ಲುಂಬಿನಿ ಎರಡು ತಿಂಗಳು ಫೋನು ಮಾಡಿ ಮಾಡಿ ನಂಬರು ಹಚ್ಚಿಸಿದ್ದಳು. ಆಕೆ ಆಶಾ ಕಾರ್ಯಕರ್ತೆ. ಆ ಗುರುವಾರವೇ ಆಕೆಗೆ ಕೂಸುಗಳ ಲಸಿಕೆಯ ಪಾಳಿ ಬಂದಿದ್ದರಿಂದ ಮಗಳನ್ನು ಮುಟ್ಟಿಸುವ ಹೊಣೆ ಗಂಡನ ಮೇಲೆ ಬಿದ್ದಿತ್ತು. "ಇಡೀ ತಾಲ್ಲೂಕಿನ ಬಸ್ ಬಿಡ್ತೀರಿ. ಒಂದು ಹುಡುಗಿಗಿ ಬಿಡಿಸ್ಕೊಂಡು ಹೋಗಲಾಕ ಆಗಂಗಿಲ್ಲೇನು?" ಎಂದಿದ್ದಳು.

ಸುರೇಶಕುಮಾರ ಗೂಡನ್ನು ಜೊತೆಯವನಿಗೆ ಒಪ್ಪಿಸಿ ಹನ್ನೆರಡೂವರೆಗೆ ಶಾಲೆ ಮುಟ್ಟಿದ. ಊರವರು ಅದನ್ನು ಕಾನ್ವೆಂಟ್ ಎನ್ನುತ್ತಾರೆ. ಹೆಸರಿಗೆ ಕಾನ್ವೆಂಟು. ಒಳಗೆ ನನ್ ಒಬ್ಬರೂ ಇಲ್ಲ, 'ನಂದೇನಿಲ್ಲ ನಂದೇನಿಲ್ಲ' ಅನ್ನುವವರೇ ಎಲ್ಲ.

ಅವರಲ್ಲಿ ಮೊದಲನೆಯವರು ಗುಮಾಸ್ತ ಮಡಿವಾಳಯ್ಯ. ಕನ್ನಡಕದ ಮೇಲಿಂದ ನೋಡಿ, "ಬರ್ರಿ, ಕುಂದ್ರಿ. ನಿಮ್ಮದು ರೆಡಿ ಅದ" ಎಂದರು.

ಸುರೇಶಕುಮಾರನಿಗೆ ಎದೆ ತುಂಬಿ ಬಂತು. ಇಷ್ಟು ಚುರುಕಿನ ಆಫೀಸನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. "ಭಾಳ ಉಪಕಾರ ಆಯ್ತ್ರಿ ಅಯ್ಯನೋರ. ಹುಡುಗಿಗಿ ಕರೀರಿ, ಒಂದರ ಬಸ್ ಹಿಡೀಬೇಕು."

"ಹುಡುಗಿ ಯಾಕ? ಸಹಿ ನಿಮ್ಮದು ಬೇಕು. ಹೆಡ್‌ಮೇಡಂ ಮೀಟಿಂಗಿಗಿ ಹೋಗ್ಯಾರ. ಸಂಜೀಕ ಬಂದು ಅವರೂ ಸಹಿ ಹಾಕ್ತಾರ. ನಾಳೆ ಬಂದು ಒಯ್ರಿ."

"ನಾಳೆ? ಮಗಳಿಗೇನು ರಾತ್ರಿ ಇಲ್ಲೇ ಇಟ್ಕೊಂತೀರೇನು?"

"ಮಗಳಿಗಿ ಅಲ್ರಿ, ಟಿ.ಸಿ.ಗಿ."

"ನಾನೇ ಟಿ.ಸಿ."

ಮಡಿವಾಳಯ್ಯ ಕನ್ನಡಕ ತೆಗೆದರು. ಈ ಮನುಷ್ಯನಿಗೆ ಬಿಸಿಲು ಬಡಿದಿದೆ ಎಂದು ಅವರಿಗೆ ಅನ್ನಿಸಿದ್ದು ಮುಖದ ಮೇಲೆಯೇ ಕಾಣುತ್ತಿತ್ತು. ಉದ್ದನೆಯ ಪುಸ್ತಕವೊಂದನ್ನು ತಿರುಗಿಸಿ ಮುಂದಿಟ್ಟರು. ವರ್ಗಾವಣೆ ಪತ್ರ. ಶಾಲೆಯವರ ಬಾಯಲ್ಲಿ ಅದೂ ಟಿ.ಸಿ. ಮುತ್ತಿನಂಥ ಅಕ್ಷರದಲ್ಲಿ ತುಂಬಿಯಾಗಿತ್ತು. ವಿದ್ಯಾರ್ಥಿಯ ಹೆಸರು: ಯಶೋಧರಾ. ಶಾಲೆ ಬಿಡಲು ಕಾರಣ: ಮಗಳು ಮಾತು ಕೇಳುವುದಿಲ್ಲವೆಂದು ತಂದೆಯ ಕೋರಿಕೆ.

"ಇದೇನ್ರಿ ಇದು!"

"ನೀವೇ ಬರದೀರಿ. 'ಕೇಳುವುದಿಲ್ಲ' ಅಂತ ಬರದೀರಿ. 'ಶಾಲೆ ಬಿಡಿಸಬೇಕಾಗಿದೆ' ಅಂತ ಬರದೀರಿ. ಕೆಳಗ ಟಿ.ಸಿ. ಅಂತ ಕೇಳೀರಿ. ಇನ್ನ ನಾ ಏನು ತಿಳಕೋಬೇಕು?"

"ಅದು ನನ್ನ ಹುದ್ದಾ ರೀ!"

"ಹುದ್ದಾನೋ ಸುದ್ದೀನೋ, ನಂದೇನಿಲ್ಲ. ಬರದಿದ್ದು ಓದೂದು ನನ್ನ ಕೆಲಸ."

ತಪ್ಪು ಮಡಿವಾಳಯ್ಯನವರದೆಂದು ಕೂಗಾಡಲು ಸುರೇಶಕುಮಾರ ಬಾಯಿ ತೆರೆದ. ಚೀಟಿಯನ್ನು ಇನ್ನೊಮ್ಮೆ ಓದಿದ. ಬಾಯಿ ಮುಚ್ಚಿದ. ನಯ ಮಾಡಲು ಹೋಗಿ ತಾನೇ ಮಗಳನ್ನು ಹಟಮಾರಿ ಮಾಡಿ, ಶಾಲೆಯಿಂದ ಹೊರಗೂ ಹಾಕಿದ್ದ. ಅದೂ ದಯಮಾಡಿ ಎಂದು ಕೈಮುಗಿದು.

"ಆಯ್ತು ಅಯ್ಯನೋರ, ತಪ್ಪು ನಂದೇ. ಅದನ್ನ ಹೊಡದಹಾಕ್ರಿ. ಈಗ ಹುಡುಗಿಗಿ ಬಿಡ್ರಿ."

"ಹ್ಯಾಂಗ ಬಿಡೂದು? ಗೇಟ್ ಪಾಸಿಗಿ ಹೆಡ್‌ಮೇಡಂ ಸಹಿ ಬೇಕು. ಅವರಿಲ್ಲಂದ್ರ ಇನ್‌ಚಾರ್ಜ್ ಅಂಬಿಕಾ ಮಿಸ್ ಸಹಿ. ಅವರು ಕ್ಲಾಸಿನಾಗ ಅದಾರ."

"ಕರೀರಿ ಮತ್ತ."

"ಕ್ಲಾಸು ನಡದಾಗ ಕರೀಬಾರದಂತ ಅಂಬಿಕಾ ಮಿಸ್ಸೇ ಆರ್ಡರ್ ಮಾಡ್ಯಾರ."

ಗಂಟೆ ಬಾರಿಸುವ ತನಕ ಸುರೇಶಕುಮಾರ ಗೋಡೆಯ ಗಡಿಯಾರ ನೋಡುತ್ತ ಕುಂತ. ಬಸ್ಸುಗಳಿಗೆ ಹೊತ್ತು ಹೇಳುವವನಿಗೆ ಹೊತ್ತು ಹೋಗುವುದು ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಎದುರಿಗೇ ಅವನ ಮಗಳ ವರ್ಗ. ಕಿಟಕಿಯಿಂದ ಕಟ್ಟಕಡೆಯ ಬೆಂಚಿನ ಮೇಲೆ ಎರಡು ಜಡೆ ಕಾಣುತ್ತಿದ್ದವು. ಅವನು ಗಟ್ಟಿಯಾಗಿ ಕೆಮ್ಮಿದ. ವರ್ಗದ ನಲವತ್ತು ಮಕ್ಕಳೂ ತಿರುಗಿ ನೋಡಿದರು, ಆ ಎರಡು ಜಡೆಗಳನ್ನು ಬಿಟ್ಟು.

ಗಂಟೆಯಾದ ಮೇಲೆ ಅಂಬಿಕಾ ಮಿಸ್ ಬಂದರು. ಕೈಯಲ್ಲಿ ಸೀಮೆಸುಣ್ಣ, ಮುಖದಲ್ಲಿ ಅನುಕಂಪ.

"ನೀವು ಹಿಂಗ ಮಾಡಬಾರದಿತ್ತು ಸರ್. ಸಣ್ಣ ಹುಡುಗಿ. ಮಾತು ಕೇಳಂಗಿಲ್ಲ, ಖರೇ ಅದ. ನಮಗೂ ಭಾಳ ಪರೇಶಾನ್ ಮಾಡ್ಯಾಳ. ಬುಕ್ ತೆಗೀ ಅಂದ್ರ ತೆಗೆಯಂಗಿಲ್ಲ, ಎದ್ದು ನಿಲ್ಲು ಅಂದ್ರ ನಿಲ್ಲಂಗಿಲ್ಲ. ಅದಕ್ಕೇ ಹಿಂದಿನ ಬೆಂಚಿಗಿ ಹಾಕೀನಿ. ಆದ್ರೂ ಸಾಲಿ ಬಿಡಿಸೂದಂದ್ರ…"

"ಮಿಸ್, ಆಕಿಗಿ ಕಿವಿ ಕೇಳಸಂಗಿಲ್ಲ!"

ಸುರೇಶಕುಮಾರನ ದನಿ ಮೈಕು ಇಲ್ಲದೆಯೂ ಬಸ್ ನಿಲ್ದಾಣ ದಾಟುವಂಥದು. ಪಡಸಾಲೆಯ ಮಕ್ಕಳೆಲ್ಲ ನಿಂತರು. ಹೆಸರು ಕೆಡಬಾರದೆಂದು ಚೀಟಿಯಲ್ಲಿ ಬಚ್ಚಿಟ್ಟದ್ದನ್ನು ಅವನು ಇಡೀ ಶಾಲೆಗೆ ಸಾರಿಯಾಗಿತ್ತು.

ಅಂಬಿಕಾ ಮಿಸ್ ಕೈಯ ಸೀಮೆಸುಣ್ಣ ಬೆರಳಿನಿಂದ ಬೆರಳಿಗೆ ಹೋಯಿತು. "ಇದನ್ನ ಮೊದಲೇ ಬರೀಬಾರದೇನ್ರಿ?" ಎಂದರು ಸಣ್ಣಗೆ. "ನಾ ಆಕಿಗಿ ಎಷ್ಟು ಬೈದೀನಿ. ಹಿಂದ ಕೂಡಿಸೀನಿ." ಒಂದು ಗಳಿಗೆ ಅವರೂ ತಾಯಿಯ ಹಾಗೆ ಕಂಡರು. ಮರುಗಳಿಗೆಗೆ ಇನ್‌ಚಾರ್ಜ್ ಆದರು. "ಆದ್ರ ನೋಡ್ರಿ, ಫೈಲಿನಾಗ ಟಿ.ಸಿ. ಅರ್ಜಿ ಕುಂತದ. ಅದು ಇರೂತನಕ ನಾ ಗೇಟ್ ಪಾಸ್ ಕೊಟ್ರ, ಮಗಳಿಗಿ ಏನಾರ ಆದ್ರ, ಬಿಟ್ಟಾಕಿ ನಾನೇ ಅಂತಾರ. ಒಂದು ಅರ್ಜಿ ಬರೀರಿ: ಟಿ.ಸಿ. ಬ್ಯಾಡ. ಇನ್ನೊಂದು ಬರೀರಿ: ದವಾಖಾನಿಗಿ ಒಯ್ಯಾಕತ್ತೀನಿ, ಬಿಡ್ರಿ."

"ಎರಡೂ ಒಂದ್ರಾಗ ಬರದ್ರ?"

"ಎರಡು ಫೈಲು ಅವ ರೀ" ಎಂದರು ಮಡಿವಾಳಯ್ಯ. ಆ ದಿನ ಅವರು ಸಂತೋಷದಿಂದ ಆಡಿದ ಮಾತು ಅದೊಂದೇ.

ಸುರೇಶಕುಮಾರ ಬರೆದ. ಕಿವಿ ಎಂದು ಬರೆದ, ಡಾಕ್ಟರು ಎಂದು ಬರೆದ, ಶಹಾಬಾದ ಎಂದು ಬರೆದ. ನಯ ಎಲ್ಲೂ ಬಾರದ ಹಾಗೆ ಎಚ್ಚರದಿಂದ ಬರೆದ. ಕೊನೆಗೆ ಸಹಿ ಹಾಕಿದ. ಹಾಕಿದ ಮೇಲೆ ನೋಡಿದರೆ, ಕೈ ಮತ್ತೆ ಟಿ.ಸಿ. ಎಂದು ಬರೆದುಬಿಟ್ಟಿತ್ತು.

"ಟಿ.ಸಿ. ಬ್ಯಾಡ ಅನ್ನೂ ಅರ್ಜಿಗೂ ಟಿ.ಸಿ.?" ಎಂದು ಮಡಿವಾಳಯ್ಯ ಅದನ್ನು ಬೆಳಕಿಗೆ ಹಿಡಿದರು. ಹೊಡೆದುಹಾಕಿದ್ದು ನಡೆಯುವುದಿಲ್ಲ, ಹೊಸ ಹಾಳೆ ಬೇಕು.

ಹೊಸ ಹಾಳೆ ತುಂಬಿ, ಅಂಬಿಕಾ ಮಿಸ್ ಸಹಿ ಬಿದ್ದು, ಹಾಜರಿಯಲ್ಲಿ ಅರ್ಧ ದಿನ ಬರೆದು, ಗೇಟಿನ ಪುಸ್ತಕದಲ್ಲಿ ಅಪ್ಪನ ಸಹಿ, ಫೋನ್ ನಂಬರು, ಕರೆದೊಯ್ಯುವ ಕಾರಣ ಎಲ್ಲ ಆಗುವಾಗ ಗಡಿಯಾರದಲ್ಲಿ ಒಂದಕ್ಕೆ ಎರಡು ನಿಮಿಷ ಮಾತ್ರ ಬಾಕಿ. ಸುರೇಶಕುಮಾರ ಮಗಳ ಕೈ ಹಿಡಿದು ಓಡುತ್ತಲೇ, ದಸ್ತಗೀರ ಓಡಿಸುವ ಒಂದರ ಬಸ್ಸಿನ ಕಂಡಕ್ಟರಿಗೆ ಫೋನು ಹಚ್ಚಿದ.

"ಬಸ್ ಹಿಡೀರೋ! ಬಂದೆ, ಬಂದೆ."

"ಹಿಡಿದಾನ್ರಿ ಸಾಹೇಬ್ರ" ಎಂದ ಕಂಡಕ್ಟರ್. "ದಸ್ತಗೀರ್‌ಭಾಯಿ ಸ್ಟೇರಿಂಗ್ ಹಿಡಿದಾನ, ವಾಡಿ ಹಾದಿನೂ ಹಿಡಿದಾನ."

"ಒಂದು ನಿಮಿಷ ಮೊದಲೇ ಬಿಟ್ಟೀರೇನು?"

"ಮೊದಲೆಲ್ಲಿ? ಕರೆಕ್ಟ್ ಟೈಮಿಗಿ ಬಿಟ್ಟೀವಿ. ಸ್ಟ್ಯಾಂಡಿನಾಗಿನ ನಿಮ್ಮ ಗೋಡಿ ಗಡಿಯಾರ ನೋಡೇ ಬಿಟ್ಟೀವಿ. ನಿನ್ನೆ ತಡ ಆಗಿದ್ದಕ್ಕ ನೀವು ಬೈದಿದ್ದು ಅವನ ಕಿವ್ಯಾಗ ಇನ್ನೂ ಅದ ರೀ."

ಶಾಲೆಯ ಗಡಿಯಾರ ಹಿಂದಿತ್ತು. ಶಾಲೆಯೇ ಹಿಂದಿದ್ದ ಮೇಲೆ ಗಡಿಯಾರವನ್ನೇನು ಅನ್ನುವುದು. ವರ್ಷಗಟ್ಟಲೆ ಬಸ್ಸುಗಳನ್ನು ಹೊತ್ತಿಗೆ ಬಿಡಿಸಿದ ಮನುಷ್ಯನನ್ನು ಅವನದೇ ಬಸ್ಸು ಹೊತ್ತಿಗೆ ಸರಿಯಾಗಿ ಬಿಟ್ಟು ಹೋಗಿತ್ತು.

ಮುಂದಿನ ಬಸ್ಸು ಯಾವಾಗ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದರ ಹೊತ್ತು ಗೊತ್ತಿದ್ದದ್ದೇ ಹೊಟ್ಟೆ ಉರಿಸಿತು. ಅಪ್ಪ ಮಗಳು ವಾಡಿಯ ಟಂಟಂ ಆಟೋ ಹತ್ತಿದರು. ಟಂಟಂನವನು ಹಿಂದಿನ ಸೀಟು ತುಂಬುವ ತನಕ ಕದಲಲಿಲ್ಲ. ತುಂಬಿದ ಮೇಲೆ ತುಂಬಿದ್ದನ್ನು ತುಂಬುವ ತನಕ ಕದಲಲಿಲ್ಲ. ಕೊನೆಗೆ ಹೊರಟಿತು. ಸಿಮೆಂಟಿನ ಲಾರಿಗಳ ಹಿಂದೆ ಬೂದು ಧೂಳು ನುಂಗುತ್ತ ಹೋಗುವಾಗ ಯಶೋಧರಾ ಅಪ್ಪನ ತೋಳು ಜಗ್ಗಿದಳು.

"ಅಪ್ಪಾ, ನನಗ ಸಾಲಿ ಬಿಡಿಸಿದೇನು?"

"ಇಲ್ಲವ್ವ."

"ಮಡಿವಾಳಯ್ಯ ಸರ್ ನಿನ್ನೆ ನಮ್ಮ ಕ್ಲಾಸಿಗಿ ಬಂದಿದ್ರು. ನನ್ನ ಹುಟ್ಟಿದ ತಾರೀಖು ಕೇಳಿದ್ರು. ಇನ್ನ ನೀ ಬರಂಗಿಲ್ಲಂತ ಅಂದ್ರು. ಅಂದಂಗ ಕಾಣಸ್ತು."

"ಇಲ್ಲಂದ್ನಲ್ಲ!"

ಟಂಟಂ ಇಂಜಿನ್ನಿನ ಸದ್ದಿಗೆ ಒಳ್ಳೆ ಕಿವಿಗೇ ಏನೂ ಕೇಳುವಂತಿರಲಿಲ್ಲ. ಯಶೋಧರಾ ಅಪ್ಪನ ತುಟಿಗಳನ್ನೇ ನೋಡುತ್ತ, ಅರ್ಥವಾಗದೆ ಕಣ್ಣು ತುಂಬಿಕೊಂಡಳು. ಸುರೇಶಕುಮಾರ ಎರಡೂ ಕೈ ಅಲ್ಲಾಡಿಸಿ, ತಲೆ ಅಲ್ಲಾಡಿಸಿ, ಇಡೀ ಮೈ ಅಲ್ಲಾಡಿಸಿ ಇಲ್ಲ ಎಂದ. ಎದುರಿಗೆ ಕುಂತ ಮುದುಕ ಮೂರ್ಛೆರೋಗವೇನೋ ಎಂದು ಸರಿದು ಕುಂತ. ಮಗಳು ಮೂಗು ಒರೆಸಿಕೊಂಡು ನಕ್ಕಳು. ಅಪ್ಪನಿಗೆ ನಗು ಬರಲಿಲ್ಲ. ನಿನ್ನೆಯಿಂದ ಈ ಹುಡುಗಿ ಶಾಲೆ ಬಿಟ್ಟುಹೋಯಿತೆಂದುಕೊಂಡೇ ಮನೆಯಲ್ಲಿ ಉಂಡು, ಮಲಗಿ, ಎದ್ದು, ಸಮವಸ್ತ್ರ ಹಾಕಿಕೊಂಡು ಬಂದಿದ್ದಳು.

ವಾಡಿಯಲ್ಲಿಳಿದು ಶಹಾಬಾದಿಗೆ ಇನ್ನೊಂದು ಆಟೋ. ದಾರಿಯುದ್ದಕ್ಕೂ ಸುರೇಶಕುಮಾರ ಒಂದು ಭಾಷಣ ಸಿದ್ಧಮಾಡಿಕೊಂಡ. ಡಾಕ್ಟರಮ್ಮ ತಡ ಯಾಕೆಂದು ಕೇಳಿಯೇ ಕೇಳುತ್ತಾರೆ. ಆಗ ಹೇಳಬೇಕು: ಎರಡು ಫೈಲಿನ ಕಥೆ, ಹಿಂದಿನ ಬೆಂಚಿನ ಕಥೆ, ಹಿಂದೆ ಬಿದ್ದ ಗಡಿಯಾರದ ಕಥೆ. ಈ ದೇಶದಲ್ಲಿ ಶಾಲೆಗೆ ಸೇರಿಸುವುದು ಕಷ್ಟ, ಶಾಲೆ ಬಿಡಿಸುವುದು ಸುಲಭ, ಎರಡು ತಾಸು ಬಿಡಿಸುವುದು ಮಾತ್ರ ಯಾರಪ್ಪನಿಂದಲೂ ಆಗದು ಎಂಬ ಒಂದು ಸಾಲು ಅವನಿಗೇ ಭಾಳ ಸೇರಿತು. ಅದನ್ನು ಎರಡು ಸಲ ತುಟಿಯೊಳಗೇ ಹೇಳಿ ನೋಡಿದ.

ದವಾಖಾನೆಯಲ್ಲಿ ಬೆಂಚುಗಳು ಖಾಲಿ. ಹುಡುಗನೊಬ್ಬ ಮಷೀನಿನ ವೈರು ಸುತ್ತುತ್ತಿದ್ದ. ಚೀಟಿ ಬರೆಯುವ ಮಾಸುಮಬಿ ತಲೆಯೆತ್ತದೆ, "ನಂಬರ್ ಹೋತು. ಮುಂದಿನ ತಿಂಗಳು ಬರ್ರಿ" ಎಂದಳು.

ಸುರೇಶಕುಮಾರ ಮೇಜಿನ ಅಂಚು ಹಿಡಿದ. ಮಾತಾಡಿದರೆ ಕೂಗುತ್ತಿದ್ದ, ಕೂಗಿದರೆ ಅಳುತ್ತಿದ್ದ. ಅಲ್ಲಿಯೇ ನಿಂತ. ಮಾಸುಮಬಿ ತಲೆಯೆತ್ತಿದಳು. ಅವನನ್ನು ಬಿಟ್ಟು, ಅವನ ಹಿಂದೆ ಧೂಳಿನಲ್ಲಿ ಬಿಳಿಚಿದ ಎರಡು ಜಡೆಗಳನ್ನು ನೋಡಿದಳು. "ಏ ವೈರು ಬಿಚ್ಚೋ" ಎಂದು ಒಳಗೆ ಕೂಗಿದಳು. "ಮೇಡಂ, ಒಂದು ಬಚ್ಚಿ ಅದ. ರೈಲಿಗಿ ಇನ್ನೂ ಟೈಮ್ ಅದ."

ಡಾಕ್ಟರಮ್ಮ ಬೆಳಕು ಹಾಕಿ ಕಿವಿಯೊಳಗೆ ನೋಡಿದರು. ಆಮೇಲೆ ಯಶೋಧರಾಳ ಕಿವಿಗೆ ದೊಡ್ಡ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸಣ್ಣ ಸಪ್ಪಳ ಕೇಳಿದಾಗಲೆಲ್ಲ ಒತ್ತಬೇಕು. ಗಾಜಿನಾಚೆ ನಿಂತ ಸುರೇಶಕುಮಾರ ಮಗಳ ಹೆಬ್ಬೆರಳನ್ನೇ ನೋಡಿದ. ಹೆಬ್ಬೆರಳು ಭಾಳ ಹೊತ್ತು ಸುಮ್ಮನಿತ್ತು. ಒಮ್ಮೆ ಒತ್ತಿತು. ಮತ್ತೆ ಸುಮ್ಮನಿತ್ತು. ಅವನಿಗೆ ತಾನೇ ಹೋಗಿ ಒತ್ತಿಬಿಡಬೇಕೆನ್ನಿಸಿತು. ಆಮೇಲೆ ಕಿವಿಗೆ ಸಣ್ಣ ಬಿರಡೆ ಇಟ್ಟು ಇನ್ನೊಂದು ಮಷೀನು ಗಾಳಿ ಒತ್ತಿ ನೋಡಿತು. ಕಾಗದದ ಮೇಲೆ ಗುಡ್ಡದ ಹಾಗೆ ಏಳಬೇಕಿದ್ದ ಗೆರೆ ಬಯಲಿನ ಹಾಗೆ ಚಪ್ಪಟೆ ಹೋಯಿತು.

"ಕಿವಿ ಪರದೆ ಹಿಂದೆ ನೀರು ನಿಂತಿದೆ, ಎರಡೂ ಕಡೆ" ಎಂದರು ಡಾಕ್ಟರಮ್ಮ, ತೆಲುಗು ಬೆರೆತ ಕನ್ನಡದಲ್ಲಿ. "ನೆಗಡಿ ಬಂದು ಬಂದು ಹಾಗಾಗುತ್ತೆ. ಭಯ ಬೇಡ. ನರಕ್ಕೇನೂ ಆಗಿಲ್ಲ. ಹೆಚ್ಚಿನ ಮಕ್ಕಳಿಗೆ ತಾನೇ ಇಳಿಯುತ್ತೆ. ಇಳಿಯದಿದ್ದರೆ ಸಣ್ಣ ಆಪರೇಷನ್. ಅದಕ್ಕೇ ಮುಂದಿನ ತಿಂಗಳು ಮತ್ತೆ ಪರೀಕ್ಷೆ ಮಾಡಲೇಬೇಕು. ಅಲ್ಲಿಯವರೆಗೆ ಶಾಲೆಯಲ್ಲಿ ಮುಂದಿನ ಬೆಂಚು. ಎದುರಿಗೆ ನಿಂತು ಮಾತಾಡಬೇಕು. ನಾನೊಂದು ಚೀಟಿ ಬರೆದು ಕೊಡ್ತೀನಿ."

ಚೀಟಿ ಎಂಬ ಮಾತು ಬಂದದ್ದೇ ಸುರೇಶಕುಮಾರ ಮುಂದೆ ಬಾಗಿದ. "ಮೇಡಂ, ಜರಾ ಬಿಡಿಸಿ ಬರೀರಿ" ಎಂದ. 'ಬಿಡಿಸಿ' ಎಂದದ್ದು ನೆನಪಾಗಿ, "ಅಂದ್ರ ತಿಳಿಯೂಹಂಗ" ಎಂದು ಸೇರಿಸಿದ.

ಡಾಕ್ಟರಮ್ಮ ಬರೆದರು. ಮುಂದಿನ ತಿಂಗಳ ಗುರುವಾರವನ್ನೂ ಗುರುತು ಹಾಕಿದರು. ಪೆನ್ನಿನ ಟೋಪಿ ಹಾಕುತ್ತ, ಇದೇ ಬಾಕಿಯಿತ್ತೆಂಬಂತೆ ಕೇಳಿದರು.

"ನೋಡಿ, ಇವತ್ತು ನಾನು ಇದ್ದೆ, ನಡೆಯಿತು. ನಾಲ್ಕು ಹೆಜ್ಜೆ ದೂರದ ಚಿತ್ತಾಪುರದಿಂದ ಬರೋಕೆ ಇಷ್ಟು ತಡ ಯಾಕಾಯಿತು?"

ಭಾಷಣ ಗಂಟಲಿನ ತನಕ ಬಂತು. ಎರಡು ಫೈಲು, ಗಡಿಯಾರ, ಮಡಿವಾಳಯ್ಯ ಎಲ್ಲರೂ ಪಾಳಿಯಲ್ಲಿ ನಿಂತಿದ್ದರು. ಆದರೆ ಆ ಕಥೆ ಶುರುವಾಗಬೇಕಾದರೆ ಮೊದಲು ತನ್ನ ಚೀಟಿಯಿಂದ ಶುರುವಾಗಬೇಕು. ಮಾಸುಮಬಿಯೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಗಳು ಅವನ ತುಟಿಗಳನ್ನೇ ನೋಡುತ್ತಿದ್ದಳು.

ಚಿತ್ತಾಪುರ ಬಸ್ ನಿಲ್ದಾಣದ ಸಂಚಾರ ನಿಯಂತ್ರಕ ಸುರೇಶಕುಮಾರ ತಲೆ ತಗ್ಗಿಸಿ ಅಂದ:

"ಬಸ್ ಲೇಟ್ ಇತ್ತ್ರಿ."